ಪೆಟ್ಟಿಗೆಯ ಮೇಲಿನ ಇಪ್ಪತ್ತು ಸಾವಿರ

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ಕವರ್, ಚಾರ್ಜರ್, ಪವರ್ ಬ್ಯಾಂಕ್ ಮಾರುತ್ತೇನೆ. ಡಿಸ್‌ಪ್ಲೇ, ಬ್ಯಾಟರಿ ಬದಲಿಸುವಷ್ಟು ರಿಪೇರಿ ಕೆಲಸವೂ ಬರುತ್ತದೆ. ಆ ಓಣಿಯಲ್ಲಿ ಹೆಂಗಸು ಕೂತಿರುವ ಅಂಗಡಿ ಇದೊಂದೇ ಆದದ್ದರಿಂದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೇರೆಲ್ಲೂ ವಿಚಾರಿಸದೆ ನನ್ನಲ್ಲಿಗೇ ಬರುತ್ತಾರೆ. ನಾನು ಹೇಳಿದ್ದನ್ನು ನಂಬುತ್ತಾರೆ.

ಘೋಡಗೇರಿಯ ಆಶಾ ಕಾರ್ಯಕರ್ತೆಯೊಬ್ಬರು ಹಾಗೆಯೇ ಬಂದವರು. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನನ್ನು ತಂಗಿ ಅನ್ನುತ್ತಿದ್ದರು, ನಾನು ಅವರನ್ನು ಅಕ್ಕಾರ ಅನ್ನುತ್ತಿದ್ದೆ. ಮನೆಮನೆಯ ಸರ್ವೇ ಈಗ ಫೋನಿನಲ್ಲೇ ತುಂಬಬೇಕು, ಹಳ್ಳಿಯಲ್ಲಿ ಹಗಲು ಕರೆಂಟ್ ಇರುವುದಿಲ್ಲ, ಏನಾದರೂ ಕೊಡು ಎಂದರು. ನಾನು ಹೆಸರಿಲ್ಲದ ಕಂಪನಿಯ ಒಂದು ಪವರ್ ಬ್ಯಾಂಕ್ ತೆಗೆದುಕೊಟ್ಟೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇಪ್ಪತ್ತು ಸಾವಿರ ಎಂಎಎಚ್ ಎಂದಿತ್ತು. ನಿಮ್ಮ ಫೋನು ನಾಲ್ಕು ಸಲ ಫುಲ್ ಆಗುತ್ತದೆ ಎಂದೆ. ನಾನೇ ಅದನ್ನು ಒಮ್ಮೆಯೂ ಬಳಸಿ ನೋಡಿರಲಿಲ್ಲ.

ಎರಡು ವಾರದ ಮೇಲೆ ಅವರು ಮರಳಿ ಬಂದರು. ನಾಲ್ಕು ಸಲ ಹೋಗಲಿ, ಒಂದು ಸಲವೂ ಪೂರ್ತಿ ಆಗುವುದಿಲ್ಲ ಎಂದರು. ಅಂಗಡಿಯಲ್ಲಿ ಆಗ ನಾಲ್ಕೈದು ಗಿರಾಕಿಗಳಿದ್ದರು. ಅವರೆದುರು ನನ್ನ ಮಾಲು ಸುಳ್ಳಾಗಬಾರದು ಎಂಬ ಒಂದೇ ಯೋಚನೆ ನನಗೆ. ಪೆಟ್ಟಿಗೆಯ ಮೇಲಿನ ಅಂಕಿ ಒಳಗಿನ ಸೆಲ್ಲಿನ ಲೆಕ್ಕದ್ದು ಎಂದು ಶುರು ಮಾಡಿದೆ. ಸೆಲ್ ಇರುವುದು ಮೂರು ಮುಕ್ಕಾಲು ವೋಲ್ಟಿನ ಆಸುಪಾಸು. ಫೋನಿಗೆ ಹೋಗುವಾಗ ಅದನ್ನು ಐದು ವೋಲ್ಟಿಗೆ ಏರಿಸಬೇಕು, ಏರಿಸಿದಷ್ಟು ಎಂಎಎಚ್ ಇಳಿಯುತ್ತದೆ, ಸ್ವಲ್ಪ ಬಿಸಿಯಾಗಿಯೂ ಹೋಗುತ್ತದೆ, ಎಂಥ ಒಳ್ಳೆಯ ಕಂಪನಿಯದಾದರೂ ಮೂರರಲ್ಲಿ ಒಂದು ಪಾಲು ಕಡಿಮೆಯೇ ಸಿಗುವುದು ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಮೂರನೇ ಒಂದು ಪಾಲು ಕಳೆದರೂ ಅವರ ಫೋನು ಎರಡು ಮೂರು ಸಲ ತುಂಬಬೇಕಿತ್ತು. ಆ ಲೆಕ್ಕ ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದ ಕೂಡಲೇ ಮಾತು ಹೊರಳಿಸಿದೆ. "ನಿಮ್ಮ ಫೋನಿನ ಬ್ಯಾಟರಿನ ಖರಾಬ್ ಆಗೇತ್ರಿ ಅಕ್ಕಾರ, ಎಷ್ಟ್ ಹಾಕಿದ್ರೂ ಕುಡೀತೈತಿ" ಎಂದೆ. ಎಲ್ಲರೂ ಅವರ ಕೈಯಲ್ಲಿದ್ದ ಹಳೆಯ ಫೋನಿನ ಕಡೆ ನೋಡಿದರು. ಅವರು ನಾಚಿಕೊಂಡು ಅದನ್ನು ನನ್ನ ಮುಂದಿಟ್ಟರು. ಅವತ್ತೇ ಅದಕ್ಕೆ ಹೊಸ ಬ್ಯಾಟರಿ ಹಾಕಿ ಕಳಿಸಿದೆ.

ಮೂರನೆಯ ಸಲ ಬಂದಾಗ ಅವರು ದೂರು ಹೇಳಲಿಲ್ಲ. ಇಂಥದ್ದೇ ಇನ್ನೊಂದು ಕೊಡು, ಒಂದು ಸಾಲುವುದಿಲ್ಲ ಎಂದರು. ಯಾಕೆಂದು ಕೇಳಿದ್ದಕ್ಕೆ ತಮ್ಮದೇ ತಪ್ಪೆಂಬಂತೆ ನಡೆದದ್ದನ್ನು ಹೇಳಿದರು.

ಒಂದು ದಿನ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಫೋನಿನ ಚಾರ್ಜ್ ಇಳಿದಿದ್ದರೂ ಪವರ್ ಬ್ಯಾಂಕಿನ ನಾಲ್ಕೂ ಲೈಟ್ ಹತ್ತಿದ್ದನ್ನು ನೋಡಿಯೇ ತೋಟದ ಮನೆಗಳ ಸರ್ವೇಗೆ ಹೊರಟಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೂ ಖಾಲಿ, ಫೋನೂ ಬಂದ್. ಅದೇ ಹೊತ್ತಿಗೆ ಊರಲ್ಲಿ ಅವರೇ ನೋಡಿಕೊಳ್ಳುತ್ತಿದ್ದ ಬಸುರಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ಮನೆಯವರು ಫೋನು ಹಚ್ಚಿ ಹಚ್ಚಿ ಸಾಕಾಗಿ, ಕಬ್ಬು ಕಡಿಯುವ ಗ್ಯಾಂಗಿನ ಟೆಂಪೋದಲ್ಲಿ ಆಕೆಯನ್ನು ಮಲಗಿಸಿಕೊಂಡು ಹೋಗಿದ್ದರು. ದವಾಖಾನೆ ಮುಟ್ಟುವ ಮೊದಲೇ ಹೆರಿಗೆಯಾಯಿತು. ತಾಯಿ, ಮಗು ಉಳಿದರು. ಆದರೆ ಆ ಮನೆಯ ಅತ್ತೆ, ಆಶಾ ಕಾರ್ಯಕರ್ತೆ ಬೇಕಂತಲೇ ಫೋನ್ ಬಂದ್ ಮಾಡಿ ಕೂತಿದ್ದಳು ಎಂದು ಓಣಿಯಲ್ಲೆಲ್ಲ ಹೇಳಿದ್ದಳು.

ನಾನು ಸ್ಟಾಕ್ ಮುಗಿದಿದೆ ಎಂದೆ. ನನ್ನ ಬೆನ್ನ ಹಿಂದೆ ಅವೇ ಪೆಟ್ಟಿಗೆಗಳು ಸಾಲಾಗಿದ್ದವು. ಅವರು ಅವನ್ನು ನೋಡಿದರು, ಆಯಿತೆಂದು ಹೋದರು.

ಮರುದಿನ ಎರಡು ಪವರ್ ಬ್ಯಾಂಕ್ ಪೂರ್ತಿ ಚಾರ್ಜ್ ಮಾಡಿಕೊಂಡು ಮೂಡಲಗಿಗೆ ಹೋದೆ. ಅಲ್ಲಿ ಬೆಳೆಗೆ ಔಷಧಿ ಹೊಡೆಯುವ ಪಂಪುಗಳಿಗೆ, ಹೆಡ್‌ಲೈಟುಗಳಿಗೆ ಬ್ಯಾಟರಿ ಪ್ಯಾಕ್ ಕಟ್ಟಿಕೊಡುವ ಕಾಕಾ ಒಬ್ಬರಿದ್ದಾರೆ. ಸೆಲ್ ಅಳೆಯುವ ಯಂತ್ರ ಅವರಲ್ಲಿತ್ತು. ಅವರು ಮೊದಲು ಒಂದನ್ನು ಕೈಯಲ್ಲಿ ತೂಗಿ ನೋಡಿದರು, ಹಗುರ ಎಂದರು. ಆಮೇಲೆ ಕೇಸ್ ಬಿಚ್ಚಿದರು. ಒಳಗೆ ಬೆರಳುದ್ದದ ನಾಲ್ಕು ದುಂಡು ಸೆಲ್ಲುಗಳು, ಮೇಲೆ ಹೊಸ ನೀಲಿ ಪ್ಲಾಸ್ಟಿಕ್ಕಿನ ಹೊದಿಕೆ, ಪ್ರತಿಯೊಂದರ ಮೇಲೂ ಐದು ಸಾವಿರ ಎಂದು ಅಚ್ಚು. ಕಾಕಾ ಬ್ಲೇಡಿನಿಂದ ಒಂದರ ಹೊದಿಕೆ ಸೀಳಿದರು. ಅದರ ಕೆಳಗೆ ಇನ್ನೊಂದು ಮಾಸಿದ ಹೊದಿಕೆಯಿತ್ತು. ತುದಿಯಲ್ಲಿ ಹಿಂದೆಲ್ಲೋ ಪಟ್ಟಿ ಬೆಸೆದು ಕಿತ್ತ ಗುರುತುಗಳಿದ್ದವು.

"ಹಳೇ ಲ್ಯಾಪ್‌ಟಾಪಿನ ಪ್ಯಾಕಿನಾಗಿಂದ ಕಿತ್ತಿದ್ದು ಇವು. ಈ ಅಳತಿ ಸೆಲ್ಲಿನ್ಯಾಗ ಎಂಥಾ ದೊಡ್ಡ ಕಂಪನಿಗೂ ಮೂರೂವರಿ ಸಾವಿರದ ಮ್ಯಾಲೆ ಹಿಡಿಸಾಕ ಆಗೂದ ಕಷ್ಟ ಐತಿ. ಐದ್ ಸಾವಿರ ಎಲ್ಲಿಂದ ಬರತೈತವ್ವಾ?"

ನಾಲ್ಕನ್ನೂ ಬಿಡಿಸಿ ಯಂತ್ರಕ್ಕೆ ಹಾಕಿದರು. ತುಂಬಿದ ಸೆಲ್ಲನ್ನು ಒಂದೇ ಸಮ ಖಾಲಿ ಮಾಡುತ್ತ, ಮೂರು ವೋಲ್ಟಿಗೆ ಇಳಿಯುವವರೆಗೆ ಎಷ್ಟು ಹೊರಬಂತೆಂದು ಅದು ಎಣಿಸುತ್ತದೆ. ಎರಡು ತಾಸು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಸಾವಿರದ ಆಚೀಚೆ ಒಂದೊಂದೇ ನಿಂತವು. ನಾಲ್ಕೂ ಕೂಡಿ ನಾಲ್ಕು ಸಾವಿರ ಮುಟ್ಟಲಿಲ್ಲ. ಎರಡನೆಯ ಪವರ್ ಬ್ಯಾಂಕಿನಲ್ಲಿ ಸೆಲ್ಲುಗಳಿದ್ದದ್ದೇ ಮೂರು. ನಾಲ್ಕನೆಯ ಜಾಗದಲ್ಲಿ ಮರಳು ತುಂಬಿದ ಕೊಳವೆಯಿತ್ತು.

ನಾಲ್ಕೂ ಲೈಟ್ ಹತ್ತುತ್ತವಲ್ಲ ಎಂದು ಕೇಳಿದೆ. ಆ ಲೈಟ್ ತೋರಿಸುವುದು ವೋಲ್ಟೇಜನ್ನು, ಒಳಗೆಷ್ಟಿದೆ ಅನ್ನುವುದನ್ನಲ್ಲ ಎಂದರು ಕಾಕಾ. ಚರಿಗೆ ತುಂಬಿದರೂ ತುಂಬಿದ್ದೇ, ಹಂಡೆ ತುಂಬಿದರೂ ತುಂಬಿದ್ದೇ. ದೊಡ್ಡ ಅಂಕಿ ಬರೆದರೆ ಮಾಲು ಬೇಗ ಮಾರಿಹೋಗುತ್ತದೆ, ಅಳೆದು ನೋಡುವವರು ಯಾರಿದ್ದಾರೆ ಎಂದೂ ಅಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಘೋಡಗೇರಿಗೆ ಹೋಗಲು ಮತ್ತೆ ಆರು ದಿನ ತೆಗೆದುಕೊಂಡೆ. ಅಂಗಡಿ ಬಿಡಲಾಗುವುದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಒಳ್ಳೆಯ ಕಂಪನಿಯದೊಂದು ಪವರ್ ಬ್ಯಾಂಕ್ ಚೀಲದಲ್ಲಿಟ್ಟುಕೊಂಡು ಹೋದೆ. ಅಕ್ಕಾರ ಪಡಸಾಲೆಯಲ್ಲಿ ಕೂತು ರಜಿಸ್ಟರ್ ಬರೆಯುತ್ತಿದ್ದರು. ಕಾಕಾ ಬಿಚ್ಚಿದ ಸೆಲ್ಲುಗಳನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಫೋನಿನ ಬ್ಯಾಟರಿ ಚೆನ್ನಾಗಿಯೇ ಇತ್ತೋ ಏನೋ, ನಾನು ನೋಡಿರಲೇ ಇಲ್ಲ ಎಂದೂ ಹೇಳಿದೆ.

ಅವರು ಸೀಳಿದ ಹೊದಿಕೆಯನ್ನು ತಿರುವಿ ನೋಡಿದರು. "ನಿನಗ ಮೊದಲ ಗೊತ್ತಿತ್ತೇನ ತಂಗಿ?"

ಗೊತ್ತಿರಲಿಲ್ಲ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. "ಅರ್ಧಾ ಗೊತ್ತಿತ್ರಿ. ಉಳಿದದ್ದು ತಿಳ್ಕೊಳ್ಳಾಕ ನನಗ ಬೇಕಾಗಿರಲಿಲ್ಲ" ಎಂದೆ.

ತಂದದ್ದನ್ನು ಅವರು ಮುಟ್ಟಲಿಲ್ಲ. "ನನಗ ಹೇಳಿದ್ದು ಸಾಲೂದಿಲ್ಲ. ಆ ಮನಿಗೆ ಬಂದು ಹೇಳು" ಎಂದು ಎದ್ದು ಚಪ್ಪಲಿ ಮೆಟ್ಟಿದರು.

ನಾಲ್ಕು ಮನೆ ಆಚೆ. ಬಾಣಂತಿ ಒಳಗಿದ್ದಳು, ಅತ್ತೆ ಕಟ್ಟೆಯ ಮೇಲೆ ಮೊಮ್ಮಗಳ ಬಟ್ಟೆ ಮಡಚುತ್ತಿದ್ದಳು. ನೆರೆಯವರೂ ಇಬ್ಬರು ನಿಂತಿದ್ದರು. ನಾನು ನಿಂತುಕೊಂಡೇ ಹೇಳಿದೆ: ಅವರು ಫೋನ್ ಬಂದ್ ಮಾಡಿದ್ದಲ್ಲ, ನಾನು ಕೊಟ್ಟ ಮಾಲು ಖೊಟ್ಟಿ, ಅದು ಗೊತ್ತಾಗಬಾರದೆಂದು ತಪ್ಪನ್ನು ಅವರ ಫೋನಿನ ಮೇಲೆ ಹಾಕಿದವಳೂ ನಾನೇ. ಮುದುಕಿ ನನ್ನ ಮಾತು ಮುಗಿಯುವವರೆಗೂ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅಕ್ಕಾರ ಕಡೆ ತಿರುಗಿ, "ಒಳಗ ಬಾ, ಕೂಸಿನ ತೂಕ ನೋಡಬೇಕಂದಿದ್ದಿ" ಎಂದಳು. ನನ್ನನ್ನು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತು ಕಟ್ಟೆಯ ಪಕ್ಕ ನಿಂತಿದ್ದು, ಚೀಲದಲ್ಲಿದ್ದದ್ದನ್ನು ಅಕ್ಕಾರ ಪಡಸಾಲೆಯಲ್ಲಿಟ್ಟು ಬಸ್ಸಿಗೆ ನಡೆದೆ.

ಉಳಿದ ಪೆಟ್ಟಿಗೆಗಳನ್ನು ಸಗಟು ವ್ಯಾಪಾರಿ ವಾಪಸ್ ತೆಗೆದುಕೊಳ್ಳಲಿಲ್ಲ. ಎಲ್ಲರೂ ಮಾರುತ್ತಾರೆ, ನಿಮ್ಮದೇನು ಎಂದು ನಕ್ಕ. ಅವನ್ನು ಬಿಚ್ಚಿಹಾಕಲೆಂದು ಮೂಡಲಗಿಯ ಕಾಕಾಗೆ ಕೊಟ್ಟೆ. ಇದನ್ನು ಕೊಂಡಿದ್ದವರಲ್ಲಿ ನೆನಪಿಗೆ ಬಂದವರಿಗೆಲ್ಲ ಫೋನು ಹಚ್ಚಿ ಹೇಳಿದೆ. ನೆನಪಿಗೆ ಬಾರದವರೇ ಹೆಚ್ಚು. ಅವರ ಮನೆಯಲ್ಲಿ ಅದು ಇನ್ನೂ ನಾಲ್ಕು ಲೈಟ್ ತೋರಿಸುತ್ತಿರಬಹುದು.

ಅಕ್ಕಾರ ಈಗ ಅಂಗಡಿಗೆ ಬರುವುದಿಲ್ಲ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಆರಾಮ ಇದ್ದೀಯಾ ಎಂದು ಕೇಳಿದರು. ತಂಗಿ ಎನ್ನಲಿಲ್ಲ.