ಮೊದಲ ವರ್ಷದ ಕೆಲಸ

ಬನಹಟ್ಟಿಯ ನಮ್ಮ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಮಲಕಾಜಪ್ಪ ಕಾಕಾ ಅಧ್ಯಕ್ಷರು. ಮೂವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ದುಡಿದು ಅವರ ಕಿವಿ ಮಂದವಾಗಿದೆ. ಯಾವ ಮಾತಾದರೂ ಅವರೊಡನೆ ಕೂಗಿಯೇ ಆಡಬೇಕು.

ಗಾಲಿಕುರ್ಚಿಯ ಮಕ್ಕಳಿಗಾಗಿ ಅವರು ತಾವೇ ಟೇಪು ಹಿಡಿದು ಶಾಲೆಯನ್ನು ಅಳೆದು, ಮೂರು ವರ್ಷದ ಯೋಜನೆ ಬರೆದಿದ್ದರು. ಈ ವರ್ಷದ ಒಂದೂವರೆ ಲಕ್ಷದಲ್ಲಿ ತರಗತಿಗಳಿಗೆ ರ‍್ಯಾಂಪು, ಹಿಡಿಕೆಯ ಕಂಬಿ. ಮುಂದಿನ ವರ್ಷ ಅಗಲ ಬಾಗಿಲು. ಶೌಚಾಲಯ ಮೂರನೆಯ ವರ್ಷಕ್ಕೆ. ಇಂದಿನ ಸಭೆಯಲ್ಲಿ ಸದಸ್ಯರ ಸಹಿಗೆಂದು ಠರಾವು ಪುಸ್ತಕ ಪಾಲಕರ ಪರ ಸದಸ್ಯೆಯಾದ ನನ್ನ ಮುಂದೆ ಬಂತು.

“ಕಾಕಾ, ಪಾಯಖಾನಿ ಮೊದಲ ಆಗ್ಲಿರಿ,” ಎಂದೆ.

“ಏನಂದಿ? ಜೋರ್ ಹೇಳವಾ, ಮುಂಜಾನೆ ಉಂಡಿಲ್ಲೇನ?”

ಎಲ್ಲರೂ ನಕ್ಕರು. ಮಗಳ ಗುಟ್ಟನ್ನು ಅಷ್ಟು ಮಂದಿಯ ಮುಂದೆ ಕೂಗಬೇಕಾಯಿತು. “ನಮ್ಮ ದಾನೇಶ್ವರಿ ಸಾಲಿ ಬಿಡೂತನಕ ನೀರ ಕುಡ್ಯಾಂಗಿಲ್ರಿ! ಕುರ್ಚಿ ಪಾಯಖಾನಿ ಒಳಗ ಹೋಗಂಗಿಲ್ಲ!”

ನಗು ನಿಂತಿತು. ಕಾಕಾ ಕನ್ನಡಕ ತೆಗೆದರು.

“ನಾ ಗ್ವಾಡಿ, ಮೆಟ್ಲ ಅಷ್ಟ ಅಳದೆ. ಹುಡುಗೀನ ಕೇಳಲೇ ಇಲ್ಲ ನೋಡವಾ.”

ಅಲ್ಲೇ ಕುಳಿತು ಮತ್ತೆ ಲೆಕ್ಕ ಹಾಕಿದರು. ಹೊರಕ್ಕೆ ತೆರೆಯುವ ಅಗಲ ಬಾಗಿಲು, ಕಮೋಡು, ಹಿಡಿಕೆ, ಅಲ್ಲಿಯವರೆಗೆ ಮೆಟ್ಟಿಲಿಲ್ಲದ ದಾರಿ. ಅಷ್ಟಕ್ಕೇ ಹಣ ಮುಗಿಯಿತು.

“ಕ್ಲಾಸಿನ ರ‍್ಯಾಂಪ್ ಮುಂದಿನ ವರ್ಷಕ್ಕ ಹೋತು. ಅಲ್ಲೀತನಕ ಎರಡ ಮೆಟ್ಲ ಹೆಂಗ ಹತ್ತಸ್ತಿ?”

“ನಾನ ಎತ್ತತೇನ್ರಿ!”

ಅವಳನ್ನು ದಿನವೂ ಎತ್ತಿ ಎತ್ತಿ ನನ್ನ ಸೊಂಟ ಈಗಲೇ ಹಿಡಿದುಕೊಂಡಿದೆ. ಆದರೂ ಸಹಿ ಹಾಕಿದೆ.