ಕೆಂಪಗೆ ಬೆಂದ ಕೇಕು

ಸಕ್ಕರೆಯಿಲ್ಲದ ಕೇಕಿನಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಬೇಕರಿ ಮಾವನಿಗೆ ಹಮ್ಮು. ಸಕ್ಕರೆ ಬದಲು ಹಾಕುವ ಸ್ಟೀವಿಯಾ ಎಲೆಯ ಪುಡಿ ಚಿಟಿಕೆಯಷ್ಟೇ ಸಾಕು, ಆದರೆ ಅದರಿಂದ ಕೇಕಿಗೆ ಗಾತ್ರ ಬರುವುದಿಲ್ಲ, ಬಾಯಲ್ಲಿ ಕಹಿಯೂ ಉಳಿಯುತ್ತದೆ. ಅದಕ್ಕೇ ನೋಡಲು ಸಕ್ಕರೆಯಂತೆಯೇ ಇರುವ ಎರಿತ್ರಿಟಾಲ್ ಎಂಬ ಸಿಹಿಪುಡಿ ಬೇಕು ಎಂದು ಗಿರಾಕಿಗಳಿಗೆ ಪಾಠ ಮಾಡುತ್ತಿದ್ದ. ಅದು ನಾಲಿಗೆಯನ್ನು ತಣ್ಣಗೆ ಮಾಡುತ್ತದೆ, ಕೇಕು ಬಿಳಿಚಿಕೊಂಡೇ ಬೇಯುತ್ತದೆ ಎಂಬುದನ್ನು ಮಾತ್ರ ಮೆಲ್ಲಗೆ ಹೇಳುತ್ತಿದ್ದ.

ಇವತ್ತು ಒಂದೇ ಹಿಟ್ಟಿನಲ್ಲಿ ಎರಡು ಕೇಕು ಬೆಂದವು. ಮಾವ ಪಾಠದಲ್ಲಿ ಮುಳುಗಿದ್ದಾಗ ಹೆಂಡತಿ ಮೊದಲನೆಯದನ್ನು ಇನ್ಸುಲಿನ್ ಚುಚ್ಚಿಕೊಳ್ಳುವ ಅವನ ಅಕ್ಕನಿಗೆ ಕಳಿಸಿದಳು. ಎರಡನೆಯದನ್ನು ಅವನೇ ಹೊರತೆಗೆದ. ಹೊಂಬಣ್ಣಕ್ಕೆ ತಿರುಗಿತ್ತು.

“ಬಣ್ಣ ನೋಡೇ. ಕೈಗುಣ ಅಂದ್ರೆ ಇದು.”

“ಇಪ್ಪತ್ತು ವರ್ಷದಿಂದ ಅದೇ ಕೈ ಅಲ್ವಾ? ಇವತ್ತೇ ಯಾಕೆ ಗುಣ ಬಂತು?”

ಮಾವ ನಗುತ್ತಲೇ ಒಂದು ಚೂರು ಬಾಯಿಗೆ ಹಾಕಿಕೊಂಡ. ನಾಲಿಗೆ ತಣ್ಣಗಾಗಲಿಲ್ಲ. ಬೆಳಿಗ್ಗೆ ಮಾತಾಡುತ್ತಾ ತಾನೇ ತುಂಬಿಸಿದ್ದ ಎರಿತ್ರಿಟಾಲ್ ಡಬ್ಬಿಯಿಂದ ಚಿಟಿಕೆ ನೆಕ್ಕಿದ. ಅಪ್ಪಟ ಸಕ್ಕರೆ.

“ಅಕ್ಕ ಫೋನ್ ಮಾಡಿದ್ಲಾ?”

“ಆಗ್ಲೇ. ಕೊನೆಗೂ ಕೇಕಿನ ಥರ ಮಾಡಿದಾನೆ, ಮೂರನೇ ತುಂಡು ತಿಂತಿದೀನಿ ಅಂದ್ರು.”

ಮಾವ ಅಕ್ಕನಿಗೆ ಫೋನ್ ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಅಂಗಡಿಗೆ ಬಂದ ಗಿರಾಕಿ, “ಆಹಾ, ಎಂಥ ಬಣ್ಣ ಮಾವ” ಎಂದ. ಆ ಕಡೆ ಯಾರೂ ಎತ್ತಲಿಲ್ಲ.