ಏಳನೇ ಶಾಟ್, ಎತ್ತರ ಹನ್ನೆರಡು ಮೀಟರ್

ಹಾನಗಲ್ಲಿನ ಭತ್ತ, ಸವಣೂರಿನ ಎಲಿತೋಟ, ಹಿರೇಕೆರೂರಿನ ಗೋವಿನಜೋಳ, ಮೂರನ್ನೂ ಸೇರಿಸಿ ರೈತರ ಮ್ಯಾಲ ಒಂದು ಡಾಕ್ಯುಮೆಂಟರಿ ಮಾಡಾಕತ್ತಿದ್ವಿ. ಸ್ಕ್ರಿಪ್ಟ್ ನಂದು. ಡ್ರೋನಿನ ಪ್ರತಿ ಶಾಟಿನ ಎದುರಿಗೆ ಎತ್ತರ, ಹಾರೋ ದಾರಿ, ಅನುಮತಿ ಅಂತ ಮೂರು ಕಾಲಂ ಹಾಕಿದ್ದೆ. ಒಂದು ಖಾಲಿ ಉಳಿದ್ರೂ ಡ್ರೋನ್ ಏಳಂಗಿಲ್ಲ ಅಂತ ಎಲ್ಲಾರ ಮುಂದೂ ಜಂಬ ಕೊಚ್ಚಿಕೊಂಡಾಕಿ ನಾನ.

ಹಿರೇಕೆರೂರಿನ ಆ ಹೊಲ ಡ್ರೋನ್ ನಕ್ಷೆದಾಗ ಹಸಿರು ವಲಯ. ನಾನೂರು ಅಡಿ ತನಕ ಹಾರಿಸಾಕ ಸರಕಾರದ್ದು ತಕರಾರಿಲ್ಲ. ಪೊಲೀಸ್ ಠಾಣೆಗೂ ಹೋಗಿ ಒಂದು ಮಾತು ಹೇಳಿ ಬಂದಿದ್ವಿ. ಉಳಿದದ್ದು ಹೊಲದ ಮಾಲಕರ ಒಪ್ಪಿಗಿ. ಫೋನ್ ಮಾಡಿದ್ರ ಅವರು, "ಹಾರಸ್ರಿ ಅಕ್ಕಾರ, ನಮ್ದೇನ್ ಅಡ್ಡಿ ಇಲ್ಲ. ಆಲದ ಮರದ ಕಡೆ ಹುಳ ಅದಾವ, ನೋಡ್ಕೊಂಡು ಹಾರಸ್ರಿ," ಅಂದ್ರು. ಎರಡು ದಿನದಿಂದ ಗೋವಿನಜೋಳಕ್ಕ ಬಿದ್ದ ಲದ್ದಿಹುಳದ ಮಾತು ಬಿಟ್ಟು ನಾ ಬ್ಯಾರೆ ಕೇಳಿರಲಿಲ್ಲ. ಕೂಡ್ಲೇ ಬರಕೊಂಡೆ: 'ಶಾಟ್ ಏಳು. ಎತ್ತರ: ಹನ್ನೆರಡು ಮೀಟರ್. ದಾರಿ: ಕೆಳಗಿನ ಬದುವಿನಿಂದ ಆಲದ ಮರದ ತನಕ ನಿಧಾನ, ಹುಳ ತಿಂದ ಬೆಳಿ ಕಾಣಬೇಕು, ಕಳೆ ತೆಗಿಯೋರ ನೆತ್ತಿ ಮ್ಯಾಲ ಹಾಯಬಾರದು, ಎಡಕ್ಕ ಸುತ್ತಬೇಕು. ಅನುಮತಿ: ಮಾಲಕರ ಖುದ್ದ ಹೇಳ್ಯಾರ.' ಖುದ್ದ ಅನ್ನೋದರ ಕೆಳಗ ಗೆರಿ ಬ್ಯಾರೆ ಎಳದೆ, ಶಾಣ್ಯಾಕಿ!

ಮರುದಿನ ಮುಂಜಾನಿ ಮಾಲಕರು ಗೊಬ್ಬರ ತರಾಕ ಪ್ಯಾಟಿಗೆ ಹೋಗಿದ್ರು. ಹೊಲದಾಗ ಅವರ ಅಕ್ಕ, ಅರವತ್ತರ ಹೆಣ್ಣಮಗಳು, ಇನ್ನಾರು ಮಂದಿ ಹೆಂಗಸರನ್ನ ಕರಕೊಂಡು ಕಳೆ ತೆಗಿಯಾಕತ್ತಿದ್ರು. ನಮ್ಮ ಪೈಲಟ್ ಸ್ಕ್ರಿಪ್ಟ್ ಓದಿ, ಕೆಳಗಿನ ಬದುವಿನಿಂದ ಡ್ರೋನ್ ಎಬ್ಬಿಸಿದ. ಹನ್ನೆರಡು ಮೀಟರ್ ಅನ್ನೋದು ಡ್ರೋನ್ ಎದ್ದ ಜಾಗದಿಂದ ಹಿಡಿಯೋ ಲೆಕ್ಕ. ಆ ಹೊಲ ಮರದ ಕಡೆ ಏರು. ಪರದೆ ಮ್ಯಾಲ ಹನ್ನೆರಡು ತೋರಿಸಿದ್ರೂ ಮರದ ಬುಡದಿಂದ ಎಂಟೂ ಇರಲಿಲ್ಲ. ಅದನ್ನೂ ನಾ ಬರದಿರಲಿಲ್ಲ.

ಡ್ರೋನ್ ಎಡಕ್ಕ ಸುತ್ತಿ ಮರದ ಹತ್ತಿರ ಹೋತು. ಆ ಅಕ್ಕ ಎದ್ದು ನಿಂತ್ರು. ಸೆರಗು ಹಿಡದು ಎರಡೂ ಕೈ ಎತ್ತಿ ಬೀಸಾಕತ್ತಿದ್ರು.

"ಏ, ಕೈ ಬೀಸಾಕತ್ತಾರ ನೋಡೋ! ಭಾರಿ ಬಂತು ಶಾಟ್. ಇನ್ನೊಂದೀಟು ಮುಂದ ಬಿಡು," ಅಂದೆ ನಾನು.

ಮುಂದ ಬಿಟ್ಟ. ಪರದೆ ತುಂಬ ಆಲದ ಟೊಂಗಿ ಬಂತು. ಟೊಂಗಿ ಕೆಳಗ ಕರಿ ಹಲಗಿ ಜೋತುಬಿದ್ದಂಗ ಏನೋ ಇತ್ತು. ಆ ಹಲಗಿ ಮಿಸುಕಾಡ್ತು. ಒಂದಲ್ಲ, ನಾಕೈದು.

"ಅಕ್ಕಾರ, ಹೆಜ್ಜೇನ್ರೀ!" ಅಂತ ಪೈಲಟ್ ನನ್ನ ಕಡೆ ತಿರುಗಿದ.

ಹುಳ ಅಂದ್ರ ಈ ಜೇನುಹುಳ. ನೋಡ್ಕೊಂಡು ಅಂದ್ರ ಹುಷಾರಾಗಿ. ನಾನೂ ಇದ ಸೀಮ್ಯಾಗ ಹುಟ್ಟಿ ಬೆಳದಾಕಿ, ಹುಳ ಎದ್ದಾವ ಅಂದ್ರ ಓಡೋದು ಗೊತ್ತಿದ್ದಾಕಿ!

ಅವನ ಹೆಬ್ಬಟ್ಟು ವಾಪಸ್ ಕರೆಯೋ ಬಟನ್ ಮ್ಯಾಲ ಹೋತು. ಅದನ್ನ ಒತ್ತಿದ್ರ ಡ್ರೋನ್ ಸುತ್ತು ಹಾಕಂಗಿಲ್ಲ, ಎದ್ದ ಜಾಗಕ್ಕ ನೆಟ್ಟಗ ಬರ್ತದ. ನಡುವ ಆ ಏಳು ಮಂದಿ.

"ಬ್ಯಾಡ, ಒತ್ತಬ್ಯಾಡ! ಮ್ಯಾಲ ಎತ್ತು, ಆಚೆ ಬೀಳು ಹೊಲದ ಕಡೆ ಒಯ್ಯಿ. ಹೋದ್ರ ಹೋಗ್ಲಿ ಅದು!"

ಎತ್ತಿ ಒಯ್ದ. ಕರಿ ಮೋಡದಂಗ ಅರ್ಧ ಹುಳ ಅದರ ಬೆನ್ನ ಹತ್ತಿದ್ವು. ಅರ್ಧ ಕೆಳಗ ಇಳದ್ವು. "ಮಕ್ಕೊಳ್ರೇ! ಸೆರಗು ಹೊತ್ತು ಮಕ್ಕೊಳ್ರೇ!" ಅಂತ ಆ ಅಕ್ಕ ಒದರೋದು ಬದುವಿನ ತನಕ ಕೇಳಸ್ತು. ಆರೂ ಮಂದಿ ಸಾಲಿನ ನಡುವ ಬೋರಲಾಗಿ ಬಿದ್ರು. ಒಬ್ಬೊಬ್ಬರೂ ಬಿದ್ದದ್ದು ನೋಡೋ ತನಕ ಆ ಅಕ್ಕ ನಿಂತ ಇದ್ರು. ನಾವು ಬದುವಿನಾಗ ನಿಂತ ಇದ್ವಿ. ಅವರ ಕಡೆ ಓಡಿ ಹೋಗೋ ಧೈರ್ಯ ನನಗ ಆಗಲಿಲ್ಲ, ಇದರಾಗ ಸುಳ್ಳು ಹೇಳಂಗಿಲ್ಲ.

ಬಿದ್ದ ಆರು ಮಂದಿಗೆ ಒಂದೆರಡು ಕಡೆ ಅಷ್ಟ ಕಡದಿದ್ವು, ನಿಂತ ಅಕ್ಕಗ ಮೈ ಮಾರಿ ತುಂಬ. ಹುಳ ಚದುರಿದ ಮ್ಯಾಲ ನಮ್ಮ ಗಾಡಿದಾಗ ಅವರನ್ನ ತಾಲೂಕು ದವಾಖಾನಿಗೆ ಒಯ್ದ್ವಿ. ಉಸಿರು ಕಟ್ಟಿತ್ತು. ಇಂಜೆಕ್ಷನ್ ಹಾಕಿ, ಮುಳ್ಳು ಕೆರೆದು ತೆಗದು, ಮಧ್ಯಾಹ್ನದ ಹೊತ್ತಿಗೆ ಜೀವಕ್ಕ ಭಯ ಇಲ್ಲ ಅಂದ್ರು ಡಾಕ್ಟರು. ಮಾಲಕರು ಬಂದು ಬಾಗಿಲದಾಗ ನಿಂತ್ರು. ನನ್ನ ಮಾರಿ ನೋಡಿ, ಅಕ್ಕನ ಕಾಲ ಹತ್ತಿರ ಹೋಗಿ ಕೂತ್ರು.

ಆ ಅಕ್ಕನ ಕಣ್ಣು ಬಾತು ಮುಚ್ಚಿದ್ವು. ನನ್ನ ದನಿ ಕೇಳಿ, ಬಾ ಅಂತ ಹತ್ತಿರ ಕೂಡ್ರಿಸಿಕೊಂಡ್ರು.

"ತಂಗಿ, ನಾ ಕೈ ಬೀಸಿದ್ದು ನಿಮ್ಮ ಮಿಷನ್ನಿನಾಗ ಕಾಣಲಿಲ್ಲೇನ?"

ಕಾಣಲಿಲ್ಲ ಅಂದಿದ್ರ ಅಲ್ಲಿಗೇ ಮುಗೀತಿತ್ತು. ನಾಲಿಗಿ ತುದಿಗೆ ಬಂದಿತ್ತು.

"ಕಂಡಿತ್ರಿ ಅಕ್ಕಾರ," ಅಂದೆ. "ಭಾಳ ಸ್ವಚ್ಛ ಕಂಡಿತ್ತು."